ನಂಬರ್ ನಮ್ಮದು, ಸಿಮ್ ಯಾರದ್ದೋ

ಫ್ರೆಂಡ್ಸ್, ಹೋದ ಭಾಗಕ್ಕೆ ತುಂಬಾ ಜನ "ನಿನ್ ನಂಬರ್ ಯಾಕೋ ಹೋಗ್ತಿಲ್ಲ" ಅಂತ ಡಿಎಂ ಮಾಡಿದ್ರಿ. ಇವತ್ತಿನ ಬರಹ ಅದರದ್ದೇ ಕಥೆ. ಕಂಪನಿ ಹೆಸರು ಹಾಕಲ್ಲ, ಕೇಳ್ಬೇಡಿ.

ಮಂಗಳವಾರ ಬೆಳಿಗ್ಗೆ ಕೊರಟಗೆರೆಯಿಂದ ಮಧುಗಿರಿ ಬಸ್ಸಲ್ಲಿ ಬರ್ತಿದ್ದೆ. ಒಂಬತ್ತು ಗಂಟೆ ದಾಟಿದ್ದೇ ಟವರ್ ಪೂರ್ತಿ ಹೋಯ್ತು. ನಮ್ಮ ಕಡೆ ಬೆಟ್ಟದ ಸಂದೀಲಿ ಟವರ್ ಹೋಗೋದು ಹೊಸದಲ್ಲ, ಸುಮ್ನಿದ್ದೆ. ಆದ್ರೆ ಪಕ್ಕದಲ್ಲಿದ್ದ ಗೆಳತಿಯದ್ದೂ ಅದೇ ಕಂಪನಿ ಸಿಮ್, ಅವಳ ಫೋನಲ್ಲಿ ಟವರ್ ಫುಲ್ ಇತ್ತು. ಅವಳ ಫೋನಿಂದ ನನ್ನ ನಂಬರಿಗೇ ಕಾಲ್ ಮಾಡಿದೆ. ರಿಂಗ್ ಆಯ್ತು. ನನ್ನ ಫೋನ್ ಕೈಯಲ್ಲೇ ಸತ್ತ ಹಾಗಿತ್ತು, ಆ ಕಡೆ ಮಾತ್ರ ರಿಂಗ್ ಆಗ್ತಾನೇ ಇತ್ತು. ಯಾರೂ ಎತ್ತಲಿಲ್ಲ.

ಇದನ್ನ ನೆನಪಿಟ್ಕೊಳ್ಳಿ. ಟವರ್ ಸಮಸ್ಯೆ ಅಥವಾ ಸಿಮ್ ಕೆಟ್ಟಿದ್ರೆ "ಸ್ವಿಚ್ ಆಫ್" ಅಥವಾ "ಸಂಪರ್ಕಕ್ಕೆ ಸಿಗುತ್ತಿಲ್ಲ" ಅಂತ ಬರುತ್ತೆ. ನಿಮ್ಮ ಫೋನ್ ಸುಮ್ಮನಿದ್ದು ಆ ಕಡೆ ರಿಂಗ್ ಆದ್ರೆ, ನಿಮ್ಮ ನಂಬರ್ ಬೇರೆ ಸಿಮ್ಮಿಗೆ ಹೋಗಿದೆ ಅಂತಲೇ ಅನುಮಾನ ಪಡಬೇಕು. ನಂಬರ್ ಅನ್ನೋದು ಸಿಮ್ ಕಾರ್ಡಿನ ಒಳಗೆ ಅಂಟಿಕೊಂಡಿರಲ್ಲ. ಈ ನಂಬರ್ ಇಂಥ ಕಾರ್ಡಿನದು ಅಂತ ಕಂಪನಿಯ ಲೆಕ್ಕದಲ್ಲಿ ಬರೆದಿರುತ್ತೆ ಅಷ್ಟೆ. ಅಲ್ಲಿ ಒಂದು ಸಾಲು ಬದಲಾದ್ರೆ ನಮ್ಮ ಕೈಲಿರೋದು ಬರೀ ಪ್ಲಾಸ್ಟಿಕ್.

ಕಸ್ಟಮರ್ ಕೇರಿನವರು ಹೇಳಿದ್ದು: "ಶಿರಾದ ಅಂಗಡಿಯಿಂದ ಸಿಮ್ ಬದಲಾವಣೆ ಕೋರಿಕೆ ಬಂದಿದೆ ಮೇಡಂ, ಗ್ರಾಹಕರೇ ಬಂದಿದ್ದಾರೆ." ಗ್ರಾಹಕರು ಅಂದ್ರೆ ನಮ್ಮಪ್ಪ, ಯಾಕಂದ್ರೆ ಸಿಮ್ ಅವರ ಹೆಸರಲ್ಲಿದೆ. ಆ ಹೊತ್ತಿಗೆ ಅಪ್ಪ ಪಾವಗಡದಲ್ಲಿ ಕಡಲೆಕಾಯಿ ತೂಕ ಹಾಕಿಸ್ತಿದ್ರು. ಚೀಟಿಯಲ್ಲಿ ಟೈಮ್ ಕೂಡ ಇದೆ, 9:05.

ಮೊದಲು ಬ್ಯಾಂಕಿಗೆ ಫೋನ್ ಮಾಡಿ ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್ ಎಲ್ಲ ನಿಲ್ಲಿಸಿದೆ. ಆಮೇಲೆ ಕಂಪನಿಗೆ ಮತ್ತೆ ಫೋನ್ ಮಾಡಿ, ಹೊಸ ಸಿಮ್ಮನ್ನೂ ಬ್ಲಾಕ್ ಮಾಡಿಸಿ, ದೂರಿನ ಡಾಕೆಟ್ ನಂಬರ್ ಬರ್ಕೊಂಡೆ. ಈ ಕ್ರಮ ತಲೆಕೆಳಗಾಗಬಾರದು. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಹೋಗಲೂಬಾರದು ಬರಲೂಬಾರದು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಆದೇಶ ಮಾಡಿದೆ. ಓಟಿಪಿ ಕಳ್ಳರ ಕೈಗೆ ಸಿಗಬಾರದು ಅಂತ. ನನ್ನ ಸ್ಕಾಲರ್‌ಶಿಪ್ ದುಡ್ಡು ಉಳಿದಿದ್ದು ಅದರಿಂದಲೇ ಅನ್ಸುತ್ತೆ. ಆದ್ರೆ ತಡೆ ಇರೋದು ಎಸ್ಸೆಮ್ಮೆಸ್ಸಿಗೆ, ಕರೆಗಲ್ಲ. ವಾಟ್ಸಾಪ್ ಕೋಡನ್ನ ಕಾಲ್ ಮಾಡಿಸಿಯೂ ಕೇಳಿಸಿಕೊಳ್ಳಬಹುದು. ಅದಕ್ಕೇ ಎರಡನೇ ಪಿನ್ ಹಾಕಿಡಿ ಅಂತ ಎಲ್ಲರ ಹತ್ರಾನೂ ಬಡ್ಕೊಳ್ತಿದೀನಿ.

ಸಂಜೆ ಅಪ್ಪ ಬಂದ್ರು. ಮಧುಗಿರಿ ಅಂಗಡಿಯವನು "ಇದು ವಂಚನೆ ಕೇಸು, ಬರವಣಿಗೇಲಿ ಕೊಡಿ" ಅಂದ. ಸರಿ, ಬರೆದೆ. ಬರೆದಿದ್ದು ನಾನು, ಸಹಿ ಅಪ್ಪಂದು. ಸಿಮ್ ಯಾರ ಹೆಸರಲ್ಲಿದೆಯೋ ಅವರ ಕಾಗದಕ್ಕೇ ಬೆಲೆ.

"ಮಾನ್ಯರೇ,

ನನ್ನ ಹೆಸರಿನಲ್ಲಿರುವ, ನನ್ನ ಮಗಳು ಬಳಸುತ್ತಿರುವ, ಕೊನೆಯ ಅಂಕಿ 47 ಇರುವ ಮೊಬೈಲ್ ಸಂಖ್ಯೆ ಮಂಗಳವಾರ ಬೆಳಿಗ್ಗೆ ಸುಮಾರು 9:10ಕ್ಕೆ ಸ್ಥಗಿತವಾಯಿತು. ಶಿರಾದ ಮಳಿಗೆಯಿಂದ ನನ್ನ ಕೋರಿಕೆಯ ಮೇರೆಗೆ ಸಿಮ್ ಬದಲಾಯಿಸಲಾಗಿದೆ ಎಂದು ನಿಮ್ಮ ಸಿಬ್ಬಂದಿ ತಿಳಿಸಿದ್ದಾರೆ. ನಾನು ಅಂತಹ ಕೋರಿಕೆ ಸಲ್ಲಿಸಿಲ್ಲ, ಬೆರಳಚ್ಚು ನೀಡಿಲ್ಲ, ಯಾರನ್ನೂ ಕಳುಹಿಸಿಲ್ಲ. ಆ ವೇಳೆಗೆ ನಾನು ಪಾವಗಡದಲ್ಲಿದ್ದೆ. ತೂಕದ ಚೀಟಿಯ ಪ್ರತಿ ಲಗತ್ತಿಸಿದ್ದೇನೆ. ಹಳೆಯ ಸಿಮ್ ಕಾರ್ಡ್ ಈಗಲೂ ನನ್ನ ಬಳಿ ಇದೆ. ಅದರ ಮೇಲೆ ಮುದ್ರಿತವಾದ ಸಂಖ್ಯೆಯನ್ನು ಕೆಳಗೆ ಬರೆದಿದ್ದೇನೆ.

ಇದನ್ನು ಹೊಸ ಸಿಮ್ ಅರ್ಜಿ ಎಂದು ಪರಿಗಣಿಸದೆ, ನಿಮ್ಮಿಂದಾದ ತಪ್ಪಿನ ತಿದ್ದುಪಡಿ ಎಂದು ಪರಿಗಣಿಸಿ ಶುಲ್ಕವಿಲ್ಲದೆ ಸಂಖ್ಯೆಯನ್ನು ಮರುಸ್ಥಾಪಿಸಬೇಕು. ಬದಲಾವಣೆ ನಡೆದ ದಿನಾಂಕ ಮತ್ತು ಸಮಯ, ಮಳಿಗೆಯ ನೋಂದಣಿ ಸಂಕೇತ, ಗುರುತು ಪರಿಶೀಲಿಸಿದ ವಿಧಾನ, ತೆಗೆದ ಭಾವಚಿತ್ರ, ಹಳೆಯ ಸಿಮ್‌ಗೆ ದೃಢೀಕರಣದ ಸಂದೇಶ ಕಳುಹಿಸಿದ್ದರೆ ಅದರ ದಾಖಲೆ, ಇವುಗಳನ್ನು ಲಿಖಿತವಾಗಿ ನೀಡಬೇಕು. ಪೊಲೀಸ್ ತನಿಖೆಗೆ ಅಗತ್ಯವಿರುವುದರಿಂದ ಯಾವ ದಾಖಲೆಯನ್ನೂ ಅಳಿಸಬಾರದು."

ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು ಹಾಕಿಸ್ಕೊಂಡೆ. ಅವನು "ಮೇಲ್ ಮಾಡಿ ಸಾಕು" ಅಂದ, ಮೇಲೂ ಮಾಡಿದೆ, ಸೀಲೂ ಬಿಡಲಿಲ್ಲ. ಯಾಕಂದ್ರೆ ನಾಳೆ ಖಾತೆಯಿಂದ ದುಡ್ಡು ಹೋಗಿದ್ದು ಗೊತ್ತಾದ್ರೆ, ನಾವು ಯಾವಾಗ ಹೇಳಿದ್ವಿ ಅನ್ನೋದೇ ಮುಖ್ಯ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದಾಗ, ಬ್ಯಾಂಕ್ ತಿಳಿಸಿದ ಮೂರು ಕೆಲಸದ ದಿನದೊಳಗೆ ದೂರು ಕೊಟ್ರೆ ನಷ್ಟ ಗ್ರಾಹಕರ ತಲೆಗೆ ಬರಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ದುಡ್ಡು ನಿಜವಾಗ್ಲೂ ಹೋಗಿದ್ರೆ ತಕ್ಷಣ 1930ಕ್ಕೆ ಕಾಲ್ ಮಾಡ್ಬೇಕು.

ಇನ್ನು ನನ್ನ ಜಗಳಕ್ಕೆ ಬರ್ತೀನಿ. ನಂಬರ್ ಕಿತ್ಕೊಳ್ಳೋಕೆ ಯಾರೋ ಒಬ್ಬನಿಗೆ ಒಂದು ಬೆಳಿಗ್ಗೆ ಸಾಕಾಯ್ತು. ವಾಪಸ್ ತಗೊಳ್ಳೋಕೆ ಅಪ್ಪ ಒಂದು ದಿನದ ವ್ಯಾಪಾರ ಬಿಟ್ಟು ಆಧಾರ್ ಹಿಡ್ಕೊಂಡು ಬಂದು, ತಾನೇ ತಾನು ಅಂತ ಪ್ರೂವ್ ಮಾಡ್ಬೇಕಾಯ್ತು. ಇದು ತಿರುವುಮುರುವು. ಹಳೆ ಸಿಮ್ ಬದುಕಿದೆ, ಫೋನಲ್ಲೇ ಓಡ್ತಿದೆ ಅಂತ ಕಂಪನಿಗೆ ಕಾಣ್ತಾ ಇರುತ್ತೆ. ಕಳೆದುಹೋದ ಸಿಮ್ ಬೆಳಿಗ್ಗೆ ಎಂಟೂವರೆಗೆ ರೀಲ್ಸ್ ನೋಡಲ್ಲ ತಾನೇ? ಅಂಥ ನಂಬರಿಗೆ ಬದಲಾವಣೆ ಕೋರಿಕೆ ಬಂದಾಗ ಹಳೆ ಸಿಮ್ಮಿಗೆ ಒಂದು ಕಾಲ್ ಮಾಡಿ, ಕನ್ನಡದಲ್ಲಿ ಕೇಳಿ, "ಹೌದು" ಅಂದ ಮೇಲೆ ಬದಲಾಯಿಸಲಿ. ಉತ್ತರ ಬರ್ದಿದ್ರೆ ಒಂದು ದಿನ ಕಾಯಲಿ. ನಿಜವಾಗ್ಲೂ ಸಿಮ್ ಕಳ್ಕೊಂಡೋರಿಗೆ ಒಂದು ದಿನ ಕಷ್ಟ ಆಗುತ್ತೆ, ಒಪ್ತೀನಿ. ಆದ್ರೂ ಕಾಯಲಿ.

24 ಗಂಟೆ ತಡೆ ಒಳ್ಳೇದೇ, ಆದ್ರೆ ಅದು ಬೇಗ ಗಮನಿಸಿದೋರನ್ನ ಮಾತ್ರ ಕಾಪಾಡುತ್ತೆ. ನಾನು ಇಪ್ಪತ್ತು ನಿಮಿಷದಲ್ಲಿ ಕಂಡುಹಿಡಿದೆ, ಯಾಕಂದ್ರೆ ಫೋನ್ ಬಿಟ್ಟು ಇರೋಳಲ್ಲ. ಪಾವಗಡದ ನಮ್ಮಜ್ಜಿಗೆ ಪಿಂಚಣಿ ಬರೋ ಖಾತೆಗೆ ಕೀಪ್ಯಾಡ್ ಫೋನಿನ ನಂಬರ್ ಲಿಂಕ್ ಆಗಿದೆ. ಆ ಫೋನು ಎರಡು ದಿನ ಗೂಡಲ್ಲೇ ಇರುತ್ತೆ. ಅಜ್ಜಿ "ಟವರಿಲ್ಲ ಕಣವ್ವ" ಅಂತ ಸುಮ್ನಾಗ್ತಾರೆ.

ಅಂಗಡಿಯವನು ಹೆದರಿಸಿದ ಹಾಗೆ ಇದು ಹೊಸ ಕಂಪ್ಲೇಂಟೇನಲ್ಲ. 2017ರಲ್ಲಿ ರಾಜಸ್ಥಾನದ ಗ್ರಾಹಕರೊಬ್ಬರ ನಂಬರಿಗೆ ಬೇರೆಯವನಿಗೆ ಸಿಮ್ ಕೊಟ್ಟು, ಖಾತೆಯಿಂದ 68 ಲಕ್ಷಕ್ಕೂ ಹೆಚ್ಚು ಹೋಗಿತ್ತು. 2021ರಲ್ಲಿ ಅಲ್ಲಿನ ಐಟಿ ಇಲಾಖೆ, 27 ಲಕ್ಷಕ್ಕೂ ಹೆಚ್ಚು ಹಣವನ್ನ ಮೊಬೈಲ್ ಕಂಪನಿಯೇ ಕೊಡಬೇಕು ಅಂತ ಆದೇಶ ಮಾಡ್ತು. ಗುರುತು ನೋಡದೆ ಸಿಮ್ ಕೊಟ್ಟಿದ್ದಕ್ಕೆ ಕಂಪನಿ ಹೊಣೆ. ಟೆಲಿಕಾಂ ಕಂಪನಿ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ ಕೂಡ 2022ರಲ್ಲಿ ಹೇಳಿದೆ.

ಗುರುವಾರ ನಂಬರ್ ವಾಪಸ್ ಬಂತು. ಹೊಸ ಸಿಮ್ ಅಲ್ವಾ, ನಮಗೂ 24 ಗಂಟೆ ಎಸ್ಸೆಮ್ಮೆಸ್ ಇಲ್ಲ! ಎಕ್ಸಾಮ್ ಫೀಗೆ ಓಟಿಪಿ ಬರ್ದೆ, ಅದೇ ಬಸ್ಸಿನ ಗೆಳತಿಯ ಯುಪಿಐಯಿಂದ ಕಟ್ಟಿಸ್ದೆ. ಅವಳಿಗಿನ್ನೂ ದುಡ್ಡು ಕೊಡ್ಬೇಕು.

ಕಾಗದಕ್ಕೆ ಉತ್ತರ ಬಂತು, ಒಂದೇ ಸಾಲು: ಅನಾನುಕೂಲಕ್ಕೆ ವಿಷಾದಿಸುತ್ತೇವೆ, ನಿಮ್ಮ ಸೇವೆ ಮರುಸ್ಥಾಪನೆಯಾಗಿದೆ. ಶಿರಾದಲ್ಲಿ ಯಾರ ಫೋಟೋ ತೆಗೆದ್ರು, ಯಾರ ಬೆರಳು ಇಟ್ರು ಅನ್ನೋದಕ್ಕೆ ಉತ್ತರ ಇಲ್ಲ. ದೂರಿಗೆ ಸರಿಯಾದ ಉತ್ತರ ಬರ್ದಿದ್ರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನದಲ್ಲಿ ತೀರ್ಮಾನ ಹೇಳ್ಬೇಕು. ನಿನ್ನೆ ಅಪ್ಪನ ಕೈಲಿ ಸಹಿ ಹಾಕಿಸಿ ಕಳಿಸಿದೀನಿ, ತೂಕದ ಚೀಟಿ ಜೆರಾಕ್ಸ್ ಸಮೇತ.