ಮೊದಲು ಬಿಯರೋ, ಬ್ರಾಂದಿಯೋ?

ಬಿಯರಿನ ಮೇಲೆ ಬ್ರಾಂದಿ ಕುಡಿದರೆ ಕೆಡುಕು, ಬ್ರಾಂದಿಯ ಮೇಲೆ ಬಿಯರ್ ಕುಡಿದರೆ ಭಯವಿಲ್ಲ ಎಂಬರ್ಥದ ಇಂಗ್ಲಿಷ್ ಗಾದೆಯೊಂದುಂಟು. ನಮ್ಮಲ್ಲೂ ಇದನ್ನು ಶಾಸ್ತ್ರವೆಂದೇ ನಂಬಿ, ಸರದಿ ತಪ್ಪಿಸದೆ ಕುಡಿದೆನೆಂಬ ಧೈರ್ಯದಿಂದ ಬೈಕು ಹತ್ತುವವರಿದ್ದಾರೆ. ಆದುದರಿಂದ ಲೆಕ್ಕವನ್ನು ನೋಡುವುದು ಅಗತ್ಯ.

ನೂರಕ್ಕೆ 5ರಷ್ಟು ಮದ್ಯಸಾರವುಳ್ಳ 650 ಮಿಲಿಲೀಟರ್ ಬಿಯರಿನಲ್ಲಿ ಸುಮಾರು 26 ಗ್ರಾಂ ಮದ್ಯಸಾರವಿರುತ್ತದೆ. 60 ಮಿಲಿಲೀಟರ್ ಬ್ರಾಂದಿಯಲ್ಲಿ ಸುಮಾರು 20 ಗ್ರಾಂ. ಯಾವುದು ಮುಂದಾದರೂ ಒಟ್ಟು 46. ಎರಡರಲ್ಲಿರುವ ಮದ್ಯಸಾರವೂ ಒಂದೇ. ರಕ್ತಕ್ಕೆ ಸೇರಿದ ಬಳಿಕ ಅದಕ್ಕೆ ಹಿಂದುಮುಂದಿಲ್ಲ. ಯಕೃತ್ತು ಗಂಟೆಗೆ ಏಳೆಂಟು ಗ್ರಾಂನಷ್ಟನ್ನು ಮಾತ್ರ ಕರಗಿಸಬಲ್ಲುದು. ರಾತ್ರಿ ಹತ್ತಕ್ಕೆ ಲೋಟ ಕೆಳಗಿಟ್ಟವನ ರಕ್ತ ತಿಳಿಯಾಗುವಾಗ ಬೆಳಗಿನ ಜಾವವಾಗಿರುತ್ತದೆ.

ಬಿಯರ್ ಮತ್ತು ವೈನಿನ ಕುರಿತು ಜರ್ಮನಿಯಲ್ಲೂ ಇಂತಹದೇ ಗಾದೆಯಿದೆ. ಅಲ್ಲಿ 90 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವುದನ್ನು ಮೊದಲು ಕುಡಿದರೂ ಮರುದಿನದ ಬಾಧೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಗಾದೆ ನಿಜವೆಂದು ತೋರುವುದೇಕೆ? ಬಿಯರಿನಿಂದ ವಿವೇಕ ಸಡಿಲಾದವನು ಬ್ರಾಂದಿಯನ್ನೂ ಬಿಯರಿನ ಗುಟುಕಿನಲ್ಲೇ ಕುಡಿಯುತ್ತಾನೆ. ಒಂದು ಪೆಗ್ಗು ಮೂರಾದುದು ಬೆಳಿಗ್ಗೆ ನೆನಪಿರುವುದಿಲ್ಲ. ನೆನಪಿರುವುದು ಸರದಿ ಮಾತ್ರ.