ತೂತು ಎಣಿಸಬೇಡಿ, ಆಂಪಿಯರ್ ಓದಿ

ಹೈನುಗಾರ ತಾಯಂದಿರೇ, ಅಕ್ಕಂದಿರೇ,

ದನದ ಡಾಕ್ಟರ್ ಕರೆಂಟಿನ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಹಿರೋಳ್ಳಿ ಕಡೆಯ ಊರುಗಳಲ್ಲಿ ಕೊಟ್ಟಿಗೆಗೆ ಹೋದಾಗ ನನ್ನ ಕಣ್ಣು ಈಗ ಮೊದಲು ಎಮ್ಮೆಯ ಮೇಲಲ್ಲ, ಕಂಬಕ್ಕೆ ತೂಗುಹಾಕಿದ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ ಬೀಳುತ್ತದೆ. ಅದರ ಕೆಳಗೆ ಒಣ ಕಣಿಕೆ, ತೊಗರಿ ಹೊಟ್ಟು. ಪಕ್ಕದಲ್ಲೇ ಕಟ್ಟಿಹಾಕಿದ ದನ. ಅಲ್ಲಿ ಬೆಂಕಿ ಹತ್ತಿದರೆ ಹಗ್ಗ ಬಿಚ್ಚಿಕೊಂಡು ಓಡಲು ದನಕ್ಕೆ ಬರುವುದಿಲ್ಲ. ಆದ್ದರಿಂದ ಇದೂ ನನ್ನ ಕೆಲಸದ ಮಾತೇ ಎಂದು ನಾನು ತಿಳಿದಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಬೋರ್ಡಿಗೆ ಬೋರ್ಡು ಜೋಡಿಸಿದರೆ ತೂತುಗಳು ಹೆಚ್ಚಾಗುತ್ತವೆ, ಕರೆಂಟ್ ಹೊರುವ ಶಕ್ತಿ ಹೆಚ್ಚಾಗುವುದಿಲ್ಲ. ಕುಟ್ಟಿ ಮಷಿನ್ ಮತ್ತು ನೀರು ಕಾಯಿಸುವ ಕಾಯಿಲ್, ಇವೆರಡನ್ನು ಇಂಥ ಬೋರ್ಡಿನಿಂದ ನಡೆಸಲೇಬಾರದು.

ಕೊಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಜೋಡಣೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪಡಸಾಲೆಯ ಗೋಡೆಯಲ್ಲಿ ಸಣ್ಣ ಪಿನ್ನಿನ ಒಂದು ಸಾಕೆಟ್ ಇದೆ. ಅದಕ್ಕೆ ನಾಲ್ಕು ತೂತಿನ ಮೊದಲ ಬೋರ್ಡು. ಅದರಿಂದ ಕಿಟಕಿಯ ಮೂಲಕ ವೈರ್ ಎಳೆದು ಕೊಟ್ಟಿಗೆಯ ಕಂಬಕ್ಕೆ ಎರಡನೆಯ ಬೋರ್ಡು. ಎರಡನೆಯದಕ್ಕೆ ಬಲ್ಬು, ಫ್ಯಾನು ಮತ್ತು ಒಂದು ಎಚ್‌ಪಿ ಕುಟ್ಟಿ ಮಷಿನ್. ಚಳಿಗಾಲದ ಬೆಳಗ್ಗೆ ಕೆಚ್ಚಲು ತೊಳೆಯುವ ನೀರಿಗೆಂದು ಮೊದಲ ಬೋರ್ಡಿಗೆ 1500 ವಾಟ್‌ನ ಕಾಯಿಲ್.

ಕರೆಂಟ್ ಎಷ್ಟು ಹರಿಯುತ್ತಿದೆ ಎಂಬುದರ ಅಳತೆಯೇ ಆಂಪಿಯರ್. ಉಪಕರಣದ ಮೇಲೆ ವಾಟ್ ಬರೆದಿದ್ದರೆ ಅದನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ, ಏಕೆಂದರೆ ಮನೆಗೆ ಬರುವ ಕರೆಂಟಿನ ವೋಲ್ಟೇಜ್ 230. ಕಾಯಿಲ್‌ಗೆ 1500 ಭಾಗಿಸು 230, ಅಂದರೆ ಸುಮಾರು ಆರೂವರೆ ಆಂಪಿಯರ್. ಮೋಟಾರಿಗೆ ಲೆಕ್ಕ ಹಾಕುವುದೇ ಬೇಡ, ಅದರ ಮೈಗೆ ಹೊಡೆದ ತಗಡಿನ ಮೇಲೆ ಆಂಪಿಯರ್ ಬರೆದಿರುತ್ತದೆ. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿಗೆ ಅದು ಸುಮಾರು 6 ಇರುತ್ತದೆ. ಬಲ್ಬು, ಫ್ಯಾನು ಸೇರಿ ಅರ್ಧ ಆಂಪಿಯರೂ ಆಗದು. ಒಟ್ಟು ಸುಮಾರು 13 ಆಂಪಿಯರ್.

ಈ 13 ಆಂಪಿಯರ್ ಎಲ್ಲಿಂದ ಬರಬೇಕು? ಯಾವ ಉಪಕರಣವನ್ನು ಯಾವ ಬೋರ್ಡಿಗೆ ಸಿಕ್ಕಿಸಿದರೂ ಎಲ್ಲ ಕರೆಂಟು ಮೊದಲ ಬೋರ್ಡಿನ ವೈರಿನಲ್ಲೇ, ಗೋಡೆಗೆ ಸಿಕ್ಕಿಸಿದ ಅದರ ಸಣ್ಣ ಪಿನ್ನಿನಲ್ಲೇ ಹಾದು ಬರಬೇಕು. ಆ ಪಿನ್ನಿನ ಶಕ್ತಿ 6 ಆಂಪಿಯರ್. ಸಣ್ಣ ಪೈಪಿಗೆ ನಾಲ್ಕು ನಲ್ಲಿ ಕೂಡಿಸಿದರೆ ಪ್ರತಿ ನಲ್ಲಿಯಲ್ಲೂ ನೀರು ಸಣ್ಣಗಾಗುತ್ತದೆ, ಪೈಪಿಗೆ ಏನೂ ಆಗುವುದಿಲ್ಲ. ಕರೆಂಟ್ ಹಾಗಲ್ಲ. ಉಪಕರಣಗಳು ಕೇಳಿದಷ್ಟನ್ನು ವೈರ್ ಕೊಡುತ್ತಲೇ ಹೋಗುತ್ತದೆ, ಕೊಡುತ್ತಾ ತಾನು ಕಾಯುತ್ತದೆ.

ಕಾಯುವುದು ಹೇಗೆ ಹೆಚ್ಚುತ್ತದೆ ಎಂಬುದನ್ನು ತಿಳಿಯಬೇಕು. ಕರೆಂಟ್ ಎರಡು ಪಟ್ಟಾದರೆ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 6 ಆಂಪಿಯರ್ ಹೊರಬೇಕಾದ ಪಿನ್ನು 13 ಹೊತ್ತರೆ ಅಲ್ಲಿ ಹುಟ್ಟುವ ಶಾಖ ನಾಲ್ಕೂವರೆ ಪಟ್ಟಿಗಿಂತಲೂ ಹೆಚ್ಚು. ಉಳಿದ ವೈರನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದರೆ ಆ ಶಾಖ ಹೊರಗೆ ಹೋಗಲಾರದೆ ಒಳಗೇ ಕೂಡುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ತಗಡಿನ ಕೊಟ್ಟಿಗೆಯೊಳಗೆ ವೈರ್ ತಣ್ಣಗಾಗಲು ಇನ್ನೂ ಕಷ್ಟ. ಸಂಜೆ ವೋಲ್ಟೇಜ್ ಇಳಿದಾಗ ಕುಟ್ಟಿ ಮಷಿನ್ನಿನ ಮೋಟಾರು ಅದೇ ಕೆಲಸ ಮಾಡಲು ಹೆಚ್ಚು ಆಂಪಿಯರ್ ಎಳೆಯುತ್ತದೆ. ಅದರ ಬಾಯಿಗೆ ಕಣಿಕೆ ಸಿಕ್ಕಿ ನಿಂತಾಗಲಂತೂ ಹಲವು ಪಟ್ಟು ಎಳೆಯುತ್ತದೆ.

ಬೋರ್ಡು ಮೊದಲು ಸುಡುವುದು ಸಾಮಾನ್ಯವಾಗಿ ವೈರಿನ ಮಧ್ಯದಲ್ಲಲ್ಲ, ಪಿನ್ನು ತೂತಿಗೆ ಕೂಡುವ ಜಾಗದಲ್ಲಿ. ತೂತಿನೊಳಗೆ ಹಿತ್ತಾಳೆಯ ಪಟ್ಟಿ ಪಿನ್ನನ್ನು ಗಟ್ಟಿಯಾಗಿ ಹಿಡಿದಿರಬೇಕು. ದಿನಕ್ಕೆರಡು ಸಲ ಕಿತ್ತು ಹಾಕಿದರೆ ಆ ಹಿಡಿತ ಸಡಿಲವಾಗುತ್ತದೆ. ಕೊಟ್ಟಿಗೆಯಲ್ಲಿ ಇನ್ನೊಂದು ಶತ್ರುವಿದೆ. ಗಂಜಲದಿಂದ ಏಳುವ ಕಣ್ಣುರಿಸುವ ಅಮೋನಿಯಾ ಗಾಳಿ, ತೇವದ ಜೊತೆ ಸೇರಿ ಹಿತ್ತಾಳೆಯನ್ನು ತಿನ್ನುತ್ತದೆ. ಮೇವಿನ ಧೂಳು ತೂತಿನಲ್ಲಿ ಕೂರುತ್ತದೆ. ಹೀಗೆ ಕೆಟ್ಟ ಕೂಡಿಕೆಯಲ್ಲಿ ಹತ್ತು ಆಂಪಿಯರ್ ಹರಿದರೆ ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು ಶಾಖ ಒಂದು ಬೆರಳಗಲ ಜಾಗದಲ್ಲಿ ಹುಟ್ಟಬಹುದು. ಬೋರ್ಡಿಗೆ ಬೋರ್ಡು ಸೇರಿಸಿದಂತೆ ಇಂಥ ಕೂಡಿಕೆಗಳೂ ಹೆಚ್ಚುತ್ತವೆ.

‘ಎಂಸಿಬಿ ಇದೆಯಲ್ಲ ಡಾಕ್ಟರೇ, ಜಾಸ್ತಿಯಾದರೆ ತಾನೇ ಬೀಳುತ್ತದೆ’ ಎಂದು ಮನೆಯ ಗಂಡಸರು ಹೇಳುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಎಂಸಿಬಿ ಕಾಯುವುದು ಗೋಡೆಯೊಳಗಿನ ದಪ್ಪ ವೈರನ್ನು. ಅದರ ಮೇಲೆ 16 ಎಂದಿದ್ದರೆ 13 ಆಂಪಿಯರ್ ಅದಕ್ಕೆ ಸಹಜ ಹೊರೆ, ಅದು ಬೀಳುವುದೇ ಇಲ್ಲ. ಅಷ್ಟರಲ್ಲಿ 6 ಆಂಪಿಯರ್‌ನ ಬೋರ್ಡು ಕರಗುತ್ತಿರುತ್ತದೆ. ಫ್ಯೂಸಿಗೆ ದಪ್ಪ ತಂತಿ ಸುತ್ತಿದ್ದರಂತೂ ಕೇಳುವುದೇ ಬೇಡ.

ಈಗ ಓದುವ ಬಗೆ ಹೇಳುತ್ತೇನೆ. ಇದಕ್ಕೆ ಇಂಗ್ಲಿಷ್ ಬೇಕಿಲ್ಲ, ಅಂಕಿ ಗೊತ್ತಿದ್ದರೆ ಸಾಕು. ಬೋರ್ಡನ್ನು ಗೋಡೆಯಿಂದ ಕಿತ್ತು ಬೆನ್ನು ತಿರುಗಿಸಿ. ಅಲ್ಲಿ ಒಂದು ಅಂಕಿ, ಅದರ ಪಕ್ಕ ಗುಡಾರದ ಆಕಾರದ, ನಡುವೆ ಅಡ್ಡಗೆರೆ ಇರುವ ಅಕ್ಷರ ಕಾಣುತ್ತದೆ. ಅದೇ ಆಂಪಿಯರ್. ಸಾಮಾನ್ಯವಾಗಿ ಆ ಅಂಕಿ 6 ಅಥವಾ 16 ಇರುತ್ತದೆ. ಹಳೆಯ ಬೋರ್ಡುಗಳಲ್ಲಿ 5 ಅಥವಾ 15. ಪಕ್ಕದಲ್ಲಿರುವ 230, 240 ಅಥವಾ 250 ಎಂಬ ದೊಡ್ಡ ಅಂಕಿ ವೋಲ್ಟೇಜ್, ಅದನ್ನು ಶಕ್ತಿ ಎಂದು ತಿಳಿಯಬೇಡಿ. 6 ಎಂದು ಇದ್ದರೆ ಅದು ಒಂದೊಂದು ತೂತಿಗೆ ಆರಲ್ಲ, ಎಲ್ಲ ತೂತುಗಳೂ ಸೇರಿ ಆರು ಎಂದೇ ಲೆಕ್ಕ ಹಾಕಿ. ವಾಟ್‌ನಲ್ಲಿ ಅದು 1380. ಅಂದರೆ 1500 ವಾಟ್‌ನ ಕಾಯಿಲ್ ಒಂದೇ ಆ ಬೋರ್ಡಿಗೆ ಹೆಚ್ಚಾಯಿತು.

ಒಂದು ಮೋಸದ ಜಾಗವಿದೆ. ಕೆಲವು ಬೋರ್ಡುಗಳಲ್ಲಿ ದಪ್ಪ ಪಿನ್ನು ಹಿಡಿಯುವ ದೊಡ್ಡ ತೂತು ಇರುತ್ತದೆ, ಆದರೆ ಗೋಡೆಗೆ ಹೋಗುವ ಅದರದೇ ಪಿನ್ನು ಸಣ್ಣದಾಗಿರುತ್ತದೆ. ಅಂಥದ್ದು 6 ಆಂಪಿಯರ್ ಬೋರ್ಡೇ. ತೂತು ನೋಡಿ ನಂಬಬೇಡಿ, ಪಿನ್ನು ನೋಡಿ. ದಪ್ಪ ಪಿನ್ನಿನ ಕುಟ್ಟಿ ಮಷಿನ್ನನ್ನು ಸಣ್ಣ ಸಾಕೆಟ್ಟಿಗೆ ಕೂಡಿಸುವ ಕನ್ವರ್ಟರ್ ಪಿನ್ನು ಮಾಡುವುದೂ ಇದೇ ಮೋಸ. ದಪ್ಪ ಪಿನ್ನು ಸಣ್ಣ ತೂತಿಗೆ ಹೋಗದಂತೆ ಮಾಡಿರುವುದೇ ನಿಮ್ಮನ್ನು ತಡೆಯಲು. ಇನ್ನು ವೈರಿನ ಮೈಮೇಲೂ ಅಂಕಿ ಅಚ್ಚಾಗಿರುತ್ತದೆ. 0.75 ಎಂದಿದ್ದರೆ ಅದು ಬಲ್ಬು, ಫ್ಯಾನಿನ ವೈರು. ಐಎಸ್‌ಐ ಗುರುತಾಗಲಿ ಅಂಕಿಯಾಗಲಿ ಇಲ್ಲದ ಬೋರ್ಡಿನಲ್ಲಿ ಬಲ್ಬು, ಮೊಬೈಲ್ ಚಾರ್ಜರ್ ಬಿಟ್ಟು ಬೇರೇನೂ ಬೇಡ.

ಸಾಲಾಗಿ ಜೋಡಿಸಿದ್ದಿದ್ದರೆ ಗೋಡೆಯಿಂದ ಕೊನೆಯವರೆಗೆ ಪ್ರತಿಯೊಂದರ ಅಂಕಿ ಓದಿ. ಅದರಲ್ಲಿ ಅತಿ ಸಣ್ಣ ಅಂಕಿ ಯಾವುದೋ ಅದೇ ಇಡೀ ಸಾಲಿನ ಶಕ್ತಿ. ಕೊನೆಗೆ 16ರ ಒಳ್ಳೆಯ ಬೋರ್ಡು ತಂದು ಹಾಕಿದರೂ ಮೊದಲಿಗೆ 6 ಇದ್ದರೆ ಇಡೀ ಸಾಲು ಆರೇ.

ಅಂಕಿ ಅಳಿಸಿಹೋಗಿದ್ದರೆ ಬೋರ್ಡೇ ಹೇಳುತ್ತದೆ. ಕುಟ್ಟಿ ಮಷಿನ್ ಕಾಲು ಗಂಟೆ ನಡೆದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯ ಹಿಂಭಾಗದಿಂದ ಗೋಡೆಯ ಪಿನ್ನಿನ ಮೇಲ್ಭಾಗ ಮುಟ್ಟಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಹೊರೆ ಹೆಚ್ಚಾಗಿದೆ ಅಥವಾ ಕೂಡಿಕೆ ಸಡಿಲಾಗಿದೆ. ತೂತಿನ ಸುತ್ತ ಕಂದು ಬಣ್ಣ, ಚರಚರ ಸದ್ದು, ಪ್ಲಾಸ್ಟಿಕ್ ಸುಟ್ಟ ಅಥವಾ ಮೀನಿನಂಥ ವಾಸನೆ ಬಂದರೆ ಆ ಬೋರ್ಡಿನ ಕತೆ ಮುಗಿಯಿತು. ಟೇಪ್ ಸುತ್ತಿ ಮತ್ತೆ ಬಳಸುವಂಥದ್ದಲ್ಲ. ಯಂತ್ರ ನಡೆಯುವಾಗ ಉದ್ದಕ್ಕೂ ಬಲ್ಬು ಮಂಕಾಗಿಯೇ ಇದ್ದರೆ ಕರೆಂಟು ದಾರಿಯಲ್ಲೇ ಶಾಖವಾಗಿ ಸೋರುತ್ತಿದೆ ಎಂದು ಅರ್ಥ.

ಎಲ್ಲಕ್ಕೂ ಹೆದರಬೇಕೆಂದು ನಾನು ಹೇಳುತ್ತಿಲ್ಲ. ಒಂದು ಬಲ್ಬು, ಒಂದು ಫ್ಯಾನು, ಒಂದು ಚಾರ್ಜರ್ ಎರಡು ಬೋರ್ಡಿನ ಸಾಲಿನಲ್ಲಿದ್ದರೆ, ಪಿನ್ನುಗಳು ಗಟ್ಟಿಯಾಗಿ ಕೂತಿದ್ದರೆ, ಅದು ಹೊರೆಯಿಂದ ಕಾಯುವುದಿಲ್ಲ. ಅಪಾಯ ಬರುವುದು ನೀರು ಕಾಯಿಸುವ ಮತ್ತು ಮೋಟಾರು ತಿರುಗಿಸುವ ಉಪಕರಣಗಳಿಂದ. ‘ಎರಡನ್ನೂ ಒಟ್ಟಿಗೆ ಹಾಕುವುದಿಲ್ಲ, ಒಂದಾದ ಮೇಲೊಂದು ಹಾಕುತ್ತೇವೆ’ ಎಂದರೂ ಮೇಲಿನ ಲೆಕ್ಕದಲ್ಲಿ ಕಾಯಿಲ್ ಒಂದೇ ಆರನ್ನು ದಾಟುತ್ತದೆ, ಮೋಟಾರು ಆರರ ಅಂಚಿನಲ್ಲಿ ನಿಲ್ಲುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕೊಟ್ಟಿಗೆಗೆ ಮೇನ್ ಬೋರ್ಡಿನಿಂದಲೇ 2.5 ಅಳತೆಯ ತಾಮ್ರದ ಬೇರೆ ವೈರ್ ಎಳೆಸಿ, 16 ಆಂಪಿಯರ್‌ನ ದಪ್ಪ ಪಿನ್ನಿನ ಒಂದು ಸಾಕೆಟ್ಟು ಹಾಕಿಸಿ. ಅದಕ್ಕೆ ಅದರದೇ 16ರ ಎಂಸಿಬಿ, ಅರ್ಥಿಂಗ್ ವೈರ್, ಜೊತೆಗೆ ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸಾಕೆಟ್ಟನ್ನು ಮೇವಿನಿಂದ ದೂರ, ಗಂಜಲ ಸಿಡಿಯದ ಎತ್ತರದಲ್ಲಿ ಇಡಿಸಿ. ಅರ್ಥಿಂಗ್ ದನಕ್ಕಾಗಿಯೂ ಬೇಕು. ನಾಲ್ಕು ಕಾಲನ್ನೂ ಒದ್ದೆ ನೆಲದ ಮೇಲೆ ಊರಿ ನಿಂತ ದನಕ್ಕೆ, ಚಪ್ಪಲಿ ಹಾಕಿದ ನಿಮಗೆ ತಿಳಿಯದಷ್ಟು ಸಣ್ಣ ಕರೆಂಟೂ ತಾಗುತ್ತದೆ. ಹಾಲು ಹಿಂಡುವಾಗ ಕಾರಣವಿಲ್ಲದೆ ಒದೆಯುವ ಎಮ್ಮೆಗೆ ಕೆಚ್ಚಲು ಬಾವು ಇಲ್ಲವೆಂದು ಕಂಡರೆ ಇದನ್ನೂ ನೋಡಿಸಬೇಕು.

ಅಲ್ಲಿಯವರೆಗೆ ಕುಟ್ಟಿ ಮಷಿನ್ನನ್ನು ಮನೆಯ 16ರ ಸಾಕೆಟ್ಟಿಗೆ ನೇರವಾಗಿ ಕೂಡಿಸಿ, ಇಲ್ಲವೇ ದಪ್ಪ ಪಿನ್ನಿನ, 2.5 ಅಳತೆಯ ಒಂದೇ ವೈರಿನಲ್ಲಿ, ಸುರುಳಿ ಪೂರ್ತಿ ಬಿಚ್ಚಿ ನಡೆಸಿ. ನೀರನ್ನು ಒಲೆಯ ಮೇಲೆ ಕಾಯಿಸಿ.

ಮೇವು ಕತ್ತರಿಸುವ ಯಂತ್ರ ಕೊಳ್ಳುವಾಗ ನಾವು ಯಂತ್ರದ ಬೆಲೆ ಲೆಕ್ಕ ಹಾಕುತ್ತೇವೆ, ಅದಕ್ಕೆ ಬೇಕಾದ ಸಾಕೆಟ್ಟಿನ ಬೆಲೆ ಹಾಕುವುದಿಲ್ಲ. ಎರಡೂ ಒಂದೇ ಖರ್ಚು ಎಂದು ಸಂಘದ ಸಭೆಯಲ್ಲಿ ನೀವು ಹೇಳಬೇಕು. ಮನೆಯಲ್ಲಿ ವೈರ್ ಜೋಡಿಸುವವರು ಬೇರೆ, ನಸುಕಿನಲ್ಲಿ ಎದ್ದು ಒದ್ದೆ ಕೈಯಲ್ಲಿ ಆ ಸ್ವಿಚ್ ಒತ್ತುವವರು ನೀವು. ಹಾಗಾಗಿ ಬೋರ್ಡಿನ ಬೆನ್ನಿನ ಮೇಲಿನ ಅಂಕಿ ನಿಮಗೇ ಮೊದಲು ಗೊತ್ತಿರಬೇಕು. ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಬೋರ್ಡು ಕಿತ್ತು ತಿರುಗಿಸಿ ನೋಡಿ.