ಕೇಬಲ್ ಬದಲಿಸುವ ಮೊದಲು ಒಂದು ಮಾತು

ಬಹಳ ದಿನಗಳಿಂದ ಬ್ಲಾಗ್ ಕಡೆ ತಲೆ ಹಾಕಿರಲಿಲ್ಲ. ಊರಿಗೆ ಹೋಗಿ ಬಂದ ಮೇಲೆ ಒಂದು ವಿಷಯ ತಲೆ ತಿನ್ನುತ್ತಾ ಇದೆ, ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ.

ಹಾನಗಲ್ಲಿನಲ್ಲಿ ಸೋದರಮಾವನ ಮನೆಗೆ ಹೋದ ಕೂಡಲೇ ಚಹಾ ಬರುವ ಮೊದಲೇ ಕೆಲಸ ಬಂತು. "ಅಳಿಯಾ, ನೀ ಕಂಪ್ಯೂಟರ್ ಇಂಜಿನಿಯರ್ ಅದಿಯಲ್ಲ, ಒಂದೀಟು ಈ ಟಿವಿ ನೋಡು. ಕರೆಂಟ್ ಹೋಗಿ ಬಂದ್ರ ಸಾಕು, ಚಿತ್ರಾನ ಬರೂದಿಲ್ಲ. ಇದು ಮೂರನೇ ಕೇಬಲ್ಲು!" ಹೊಸ ಸೆಟ್‌ಟಾಪ್ ಬಾಕ್ಸ್. ಟಿವಿ ಮೇಲೆ No Signal ಎಂಬ ಎರಡೇ ಪದ. ರಿಪೇರಿಯವರು ಬಂದು "ಟಿವಿ ಪೋರ್ಟ್ ಸುಟ್ಟೈತಿ, ಬೋರ್ಡ್ ಬದಲಿ ಮಾಡಬೇಕು" ಅಂದು ಹೋಗಿದ್ದರಂತೆ. ಮಾವ ಟಿವಿಯನ್ನೇ ಮಾರುವ ಯೋಚನೆಯಲ್ಲಿದ್ದರು.

ನಾನು ಮಾಡಿದ್ದು ಇಷ್ಟೇ. ಎರಡೂ ಆನ್ ಇರುವಾಗಲೇ ಎಚ್‌ಡಿಎಂಐ ಕೇಬಲ್ಲನ್ನು ಬಾಕ್ಸಿನಿಂದ ಕಿತ್ತು ಮತ್ತೆ ಚುಚ್ಚಿದೆ. ಚಿತ್ರ ಬಂತು! ಮಾವನಿಗೆ ಅದು ಪವಾಡ. ಆದರೆ ಸುಟ್ಟ ಪೋರ್ಟು ಹೀಗೆ ಚುಚ್ಚಿದರೆ ಬದುಕುವುದಿಲ್ಲ. ಹಾಗಾದರೆ ಆದದ್ದೇನು?

ಎಚ್‌ಡಿಎಂಐ ನಮ್ಮ ಹಳೆಯ ಹಳದಿ-ಕೆಂಪು-ಬಿಳಿ ವೈರಿನ ಹಾಗಲ್ಲ. ಅದರಲ್ಲಿ ಬಾಕ್ಸು ಸುಮ್ಮನೆ ಚಿತ್ರ ಸುರಿಯುತ್ತಿತ್ತು, ಟಿವಿ ನೋಡಲಿ ಬಿಡಲಿ. ಇಲ್ಲಿ 19 ಪಿನ್ನುಗಳಿವೆ, ಚಿತ್ರಕ್ಕೆ ಮೊದಲು ಮಾತುಕತೆ ನಡೆಯಬೇಕು. ಬಾಕ್ಸು 18ನೇ ಪಿನ್ನಿನಲ್ಲಿ 5 ವೋಲ್ಟ್ ಕೊಟ್ಟು "ಯಾರಾದರೂ ಇದ್ದೀರಾ?" ಅನ್ನುತ್ತದೆ. ಟಿವಿ 19ನೇ ಪಿನ್ನನ್ನು ಎತ್ತಿ "ಇದ್ದೇನೆ" ಅನ್ನುತ್ತದೆ. ಆಗ ಬಾಕ್ಸು 15 ಮತ್ತು 16ನೇ ಪಿನ್ನುಗಳ ಮೂಲಕ ಟಿವಿಯ ಪರಿಚಯಪತ್ರ ಓದುತ್ತದೆ. ಇದಕ್ಕೆ ಇಡಿಐಡಿ ಅಂತ ಹೆಸರು. ಟಿವಿಗೆ ಯಾವ ಯಾವ ರೆಸಲ್ಯೂಷನ್ ಗೊತ್ತು, ಎಂಥ ಧ್ವನಿ ಗೊತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಗೆ ಎಚ್‌ಡಿಸಿಪಿ, ಅಂದರೆ ಕಾಪಿ ಆಗದಂತೆ ಕಾಯುವ ಬೀಗದ ಕೈ ವಿನಿಮಯ. ಇಷ್ಟೂ ಆದ ಮೇಲೆ ಚಿತ್ರ.

ಮಾವನ ಮನೆಯಲ್ಲಿ ಕರೆಂಟ್ ಬಂದಾಗ ಟಿವಿ, ಬಾಕ್ಸು ಎರಡೂ ಒಂದೇ ಸ್ವಿಚ್ಚಿನಿಂದ ಒಟ್ಟಿಗೇ ಏಳುತ್ತಿದ್ದವು. ಬಾಕ್ಸು ಕೂಗಿದಾಗ ಟಿವಿ ಇನ್ನೂ ಕಣ್ಣುಜ್ಜುತ್ತಿತ್ತು. ಉತ್ತರ ಬರಲಿಲ್ಲವೆಂದು ಬಾಕ್ಸು ಸುಮ್ಮನಾಯಿತು, ಮತ್ತೆ ಕೇಳಲೇ ಇಲ್ಲ. ಕಿತ್ತು ಚುಚ್ಚಿದಾಗ 19ನೇ ಪಿನ್ ಇಳಿದು ಏರಿತು, ಮಾತುಕತೆ ಮೊದಲಿನಿಂದ ಶುರುವಾಯಿತು. ಖಾತ್ರಿಗೆ ಅದೇ ಕೇಬಲ್ಲನ್ನು ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ:

```
cat /sys/class/drm/card0-HDMI-A-1/status
wc -c < /sys/class/drm/card0-HDMI-A-1/edid
```

ಮೊದಲನೆಯದಕ್ಕೆ connected, ಎರಡನೆಯದಕ್ಕೆ 256. (ಕೆಲವು ಲ್ಯಾಪ್‌ಟಾಪಿನಲ್ಲಿ card1 ಇರುತ್ತದೆ.) ಅಂದರೆ ಟಿವಿ ತನ್ನ ಪರಿಚಯವನ್ನು ಪೂರ್ತಿ ಹೇಳುತ್ತಿದೆ. ಇಲ್ಲಿ 0 ಬಂದಿದ್ದರೆ ಕೇಬಲ್ಲಿನ ಅಥವಾ ಪೋರ್ಟಿನ ಮೇಲೆ ಅನುಮಾನ ಪಡಬಹುದಿತ್ತು. ಬಾಕ್ಸಿಗೆ ಬೇರೆ ಸ್ವಿಚ್ ಮಾಡಿಕೊಟ್ಟು, ಟಿವಿ ಹಾಕಿ ಅರ್ಧ ನಿಮಿಷ ಬಿಟ್ಟು ಬಾಕ್ಸ್ ಹಾಕಿ ಅಂದೆ. ಅಲ್ಲಿಗೆ ರೋಗ ಹೋಯಿತು. ಮೂರು ಕೇಬಲ್ಲಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ :-(

ಹಾಗಂತ ಕೇಬಲ್ ಯಾವಾಗಲೂ ನಿರಪರಾಧಿ ಅಂತಲ್ಲ. ವಾಪಸ್ ಬರುವಾಗ ಶಿಗ್ಗಾಂವಿಯಲ್ಲಿ ಗೆಳೆಯನ ಮನೆಗೆ ಹೋದೆ. ಎರಡು ವರ್ಷ ದುಡ್ಡು ಕೂಡಿಸಿ ಪ್ಲೇಸ್ಟೇಷನ್ 5 ತಂದಿದ್ದಾನೆ. ಆಟ ಶುರುವಾಗಿ ಐದು ನಿಮಿಷಕ್ಕೆ ಪರದೆ ಕಪ್ಪಾಗುವುದು, ಎರಡು ಸೆಕೆಂಡಿಗೆ ಮತ್ತೆ ಬರುವುದು. ಸೆಟ್‌ಟಾಪ್ ಬಾಕ್ಸು ಅದೇ ಕೇಬಲ್ಲಿನಲ್ಲಿ ಚೆನ್ನಾಗಿ ನಡೆಯುತ್ತದೆ, ಆದ್ದರಿಂದ ಕನ್ಸೋಲೇ ಕೆಟ್ಟಿದೆ ಎಂಬುದು ಅವನ ವಾದ. ಕೇಳಲಿಕ್ಕೆ ಸರಿಯಾಗಿಯೇ ಇದೆ, ಅಲ್ವಾ?

ಮೊದಲು ಬೀಗದ ಕೈ ಮೇಲೆ ಅನುಮಾನ ಪಟ್ಟೆವು. ಪ್ಲೇಸ್ಟೇಷನ್ನಿನ Settings > System > HDMI ಒಳಗೆ Enable HDCP ಆಫ್ ಮಾಡಬಹುದು. ಆಟ ನಡೆಯುತ್ತದೆ, ಸಿನಿಮಾ ಆಪ್‌ಗಳು ಮಾತ್ರ ನಡೆಯುವುದಿಲ್ಲ. ಆಫ್ ಮಾಡಿದರೂ ಕಪ್ಪಾಗುವುದು ನಿಲ್ಲಲಿಲ್ಲ. ಅಂದರೆ ಕೈ ತಪ್ಪಿಲ್ಲ. ಆಮೇಲೆ ರೆಸಲ್ಯೂಷನ್ ಅನ್ನು 1080p ಗೆ ಇಳಿಸಿದೆವು. ಅರ್ಧ ಗಂಟೆ ಆಡಿದರೂ ಒಂದು ಸಲವೂ ಕಪ್ಪಾಗಲಿಲ್ಲ. ಸಿಕ್ಕಿಬಿತ್ತು! ಸೆಕೆಂಡಿಗೆ 60 ಫ್ರೇಮಿನ 1080p ಗೆ ಕೇಬಲ್ ಹೊರಬೇಕಾದ್ದು ಸುಮಾರು 4.5 ಗಿಗಾಬಿಟ್. ಅದೇ 4K ಆದರೆ ನಾಲ್ಕು ಪಟ್ಟು, ಸುಮಾರು 18 ಗಿಗಾಬಿಟ್. ಗೋಡೆಯಲ್ಲಿ ಹಾಯಿಸಿದ್ದ ಐದು ಮೀಟರಿನ ಹೆಸರಿಲ್ಲದ ಕೇಬಲ್ಲು ಸೆಟ್‌ಟಾಪ್ ಬಾಕ್ಸನ್ನು ಹೊರುತ್ತಿತ್ತು, ಇದನ್ನು ಹೊರಲಾರದೆ ಕುಸಿಯುತ್ತಿತ್ತು. ಪ್ರತಿ ಸಲ ಕುಸಿದಾಗ ಟಿವಿ ಮತ್ತೆ ಜಾಡು ಹಿಡಿಯಲು ಆ ಎರಡು ಸೆಕೆಂಡು.

ತಮಾಷೆ ಅಂದರೆ ಕನ್ಸೋಲಿನ ಜೊತೆಗೇ ಒಳ್ಳೆಯ ಕೇಬಲ್ ಬರುತ್ತದೆ. ಗಿಡ್ಡ ಅಂತ ಅದನ್ನು ಡಬ್ಬಿಯಲ್ಲೇ ಬಿಟ್ಟಿದ್ದ! ಕನ್ಸೋಲನ್ನು ಟಿವಿ ಹತ್ತಿರ ಸರಿಸಿ ಅದನ್ನೇ ಹಾಕಿದೆವು, ಮುಗಿಯಿತು. ಸರಿಸಲು ಜಾಗವಿಲ್ಲದವರು Video Output ಒಳಗೆ 4K Video Transfer Rate ಅನ್ನು -2 ಮಾಡಿ ನೋಡಬಹುದು. ಬಣ್ಣದ ವಿವರ ಸ್ವಲ್ಪ ಕಡಿಮೆಯಾಗಿ ಕೇಬಲ್ಲಿನ ಹೊರೆ ಇಳಿಯುತ್ತದೆ. ಹೊಸದು ಕೊಳ್ಳುವುದಾದರೆ ಚಿನ್ನದ ಲೇಪ ನೋಡಬೇಡಿ, Ultra High Speed ಎಂದಿರುವ, ಸ್ಕ್ಯಾನ್ ಮಾಡಿ ಪರೀಕ್ಷಿಸಬಹುದಾದ ಪ್ರಮಾಣಪತ್ರದ ಚೀಟಿ ಇದೆಯೇ ನೋಡಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ಈ ಎರಡೂ ಮನೆಗಳಲ್ಲಿ ಯಂತ್ರಗಳಿಗೆ ಕಾರಣ ಗೊತ್ತಿತ್ತು. 5 ವೋಲ್ಟ್ ಬಂದಿದೆಯೋ ಇಲ್ಲವೋ ಟಿವಿಗೆ ಗೊತ್ತು. ಪರಿಚಯಪತ್ರ ಓದಲು ಆಯಿತೋ ಇಲ್ಲವೋ, ಕೈ ಹೊಂದಿತೋ ಇಲ್ಲವೋ ಬಾಕ್ಸಿಗೆ ಗೊತ್ತು. ಆದರೂ ಪರದೆಯ ಮೇಲೆ ಎಲ್ಲದಕ್ಕೂ ಒಂದೇ ಮಾತು, No Signal. "ಬಾಕ್ಸು ಆನ್ ಇದೆ, ಆದರೆ ಚಿತ್ರ ಕಳಿಸುತ್ತಿಲ್ಲ" ಅಂತ ಟಿವಿ ಬರೆದಿದ್ದರೆ ಮಾವ ಒಂದೂ ಕೇಬಲ್ ಕೊಳ್ಳುತ್ತಿರಲಿಲ್ಲ. ಇದು ಹಾರ್ಡ್‌ವೇರ್ ಕೊರತೆಯಲ್ಲ, ನಮ್ಮಂಥ ಸಾಫ್ಟ್‌ವೇರಿನವರ ಸೋಮಾರಿತನ. ಲಾಗ್ ಫೈಲಿನಲ್ಲಿ ಬರೆಯುತ್ತೇವೆ, ಜನರಿಗೆ ಹೇಳುವುದಿಲ್ಲ.

ಇದು ನಮ್ಮೂರಿಗಷ್ಟೇ ಅಂಟಿದ ರೋಗವೂ ಅಲ್ಲ. 2020ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದಾಗ ಡೆನಾನ್, ಮರಾಂಟ್ಸ್, ಯಮಾಹಾದ ಕೆಲವು ರಿಸೀವರುಗಳ ಮೂಲಕ 4K 120 ಹರ್ಟ್ಸ್ ಕೊಟ್ಟರೆ ಪರದೆ ಕಪ್ಪು. ದೋಷ ಕೇಬಲ್ಲಿನದ್ದಲ್ಲ, ರಿಸೀವರಿನ ಒಳಗಿನ ಎಚ್‌ಡಿಎಂಐ ಚಿಪ್ಪಿನದು. ಡೆನಾನ್, ಮರಾಂಟ್ಸ್ ಗ್ರಾಹಕರಿಗೆ 2021ರಲ್ಲಿ ಪುಕ್ಕಟೆ ಅಡಾಪ್ಟರ್ ಕೊಟ್ಟರು. ಅವರಿಗೆ ಗಲಾಟೆ ಮಾಡುವ ಗ್ರಾಹಕರಿದ್ದರು. ಸವಣೂರಿನವನು, ಹಿರೇಕೆರೂರಿನವನು ಯಾರ ಹತ್ತಿರ ಗಲಾಟೆ ಮಾಡಬೇಕು? ಬಾಕ್ಸನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಬೇಕು. ಅಲ್ಲಿ ಬೇರೆ ಟಿವಿಗೆ ಹಾಕಿದರೆ ಚೆನ್ನಾಗಿಯೇ ನಡೆಯುತ್ತದೆ. "ಏನೂ ಆಗಿಲ್ಲ, ಒಯ್ಯಿರಿ" ಅನ್ನುತ್ತಾರೆ. ಒಂದು ದಿನದ ಗಳಿಕೆ ಹೋಯಿತು.

ಆ ಎರಡು ಪದಗಳ ಜಾಗದಲ್ಲಿ ಒಂದು ಪೂರ್ತಿ ವಾಕ್ಯ, ಅದೂ ಕನ್ನಡದಲ್ಲಿ, ಬಂದರೆ ಎಷ್ಟು ಚೆಂದ! ಸೆಟ್‌ಟಾಪ್ ಬಾಕ್ಸ್, ಟಿವಿ ಫರ್ಮ್‌ವೇರ್ ಕೆಲಸ ಮಾಡುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ, ಇದಕ್ಕೆ ಅಡ್ಡಿ ಏನು? ನಿಮ್ಮ ಮನೆಯ ಕಪ್ಪು ಪರದೆಯ ಕತೆಗಳಿದ್ದರೆ ಅವನ್ನೂ ಬರೆಯಿರಿ. ಅಲ್ಲಿಯವರೆಗೆ, ಅಂಗಡಿಗೆ ಹೋಗುವ ಮೊದಲು ಒಮ್ಮೆ ಕಿತ್ತು ಚುಚ್ಚಿ ನೋಡಿ :-)